ಕ್ಯಾಂಟೀನಿನ ಕಿಟಕಿ ನೋಡಿ ಪತ್ರ ಬರೆ

ಮಗಳೇ,

ಶಾಲೆಯ ಪ್ರಿನ್ಸಿಪಾಲರಿಗೆಂದು ನೀನು ಬರೆದಿಟ್ಟ ಪತ್ರ ಓದಿದೆ. ಭಾಷೆ ಚೆನ್ನಾಗಿದೆ, ಕಾಳಜಿಯೂ ಇದೆ. ಆದರೆ ಈ ಪತ್ರದಿಂದ ಕ್ಯಾಂಟೀನಿನಲ್ಲಿ ಒಂದು ಸಮೋಸವೂ ಕಡಿಮೆಯಾಗುವುದಿಲ್ಲ. ‘ಮಕ್ಕಳ ಆರೋಗ್ಯದ ದೃಷ್ಟಿಯಿಂದ ಪೌಷ್ಟಿಕ ಆಹಾರ ಒದಗಿಸಬೇಕಾಗಿ ವಿನಂತಿ’ ಎಂಬ ಸಾಲಿಗೆ ಯಾವ ಪ್ರಿನ್ಸಿಪಾಲರೂ ಆಗುವುದಿಲ್ಲ ಎನ್ನುವುದಿಲ್ಲ. ಖಂಡಿತ ನೋಡೋಣ ಎನ್ನುತ್ತಾರೆ, ಫೈಲಿಗೆ ಹಾಕುತ್ತಾರೆ. ಸೋಮವಾರದಿಂದ ಏನು ಬದಲಾಗಬೇಕು, ಅದನ್ನು ಯಾರು ಮಾಡಬೇಕು ಎಂಬುದು ನಿನ್ನ ಪತ್ರದಲ್ಲಿ ಇಲ್ಲ.

ಠಾಣೆ, ಡೊಂಬಿವಲಿ ಕಡೆ ಬಹಳ ವರ್ಷ ಕ್ಯಾಂಟೀನ್ ನಡೆಸಿದವನು ನಾನು. ಕೌಂಟರಿನ ಈಚೆ ಬದಿಯಿಂದ ಕಂಡದ್ದನ್ನು ಹೇಳುತ್ತೇನೆ, ಪತ್ರಕ್ಕೆ ಉಪಯೋಗವಾದೀತು.

ಮೊದಲು ನಮ್ಮ ಕಡೆಯ ಮಕ್ಕಳ ದಿನಚರಿ ನೋಡು. ಡೊಂಬಿವಲಿ, ಕಲ್ಯಾಣದ ಎಷ್ಟೋ ಶಾಲೆಗಳು ಎರಡು ಪಾಳಿಯಲ್ಲಿ ನಡೆಯುತ್ತವೆ. ಬೆಳಗಿನ ಪಾಳಿಯ ಮಗು ಏಳಕ್ಕೆ ಶಾಲೆಯಲ್ಲಿರಬೇಕು. ಅಪ್ಪ ಅಮ್ಮ ಇಬ್ಬರಿಗೂ ಫಾಸ್ಟ್ ಲೋಕಲ್ ಹಿಡಿಯುವ ಅವಸರ. ಅರ್ಧ ಲೋಟ ಹಾಲು ಕುಡಿದು, ಎರಡು ಬಿಸ್ಕತ್ತು ತಿಂದು ಓಡಿದ ಮಗುವಿಗೆ ಒಂಬತ್ತೂವರೆಯ ರಿಸೆಸ್ಸೇ ನಿಜವಾದ ನಾಷ್ಟಾದ ಹೊತ್ತು. ಹಾಗಾಗಿ ಅದು ಅಲ್ಲಿ ಕೊಳ್ಳುವುದು ಬಾಯಿಚಪಲದ ಕುರುಕಲಲ್ಲ, ದಿನದ ಮೊದಲ ಊಟ. ನಿನ್ನ ಪತ್ರ ಇಲ್ಲಿಂದ ಶುರುವಾಗಲಿ. ‘ಜಂಕ್ ಫುಡ್ ನಿಲ್ಲಿಸಿ’ ಎಂದರೆ ಅದೊಂದು ದೂರು. ‘ನಮ್ಮ ಮಕ್ಕಳು ಬೆಳಗಿನ ನಾಷ್ಟಾ ನಿಮ್ಮ ಕ್ಯಾಂಟೀನಿನಲ್ಲಿ ಮಾಡುತ್ತಿದ್ದಾರೆ’ ಎಂದರೆ ಪ್ರಿನ್ಸಿಪಾಲರು ಪೆನ್ನು ಕೆಳಗಿಟ್ಟು ಓದುತ್ತಾರೆ.

ಈಗ ಕ್ಯಾಂಟೀನಿನವನ ಕಡೆ ಬಾ. ಅವನು ವಡಾಪಾವ್, ಸಮೋಸ, ಚಿಪ್ಸನ್ನೇ ಯಾಕೆ ಮಾರುತ್ತಾನೆ? ಅವನು ಮಕ್ಕಳ ವೈರಿಯಲ್ಲ. ಕಾರಣ ರಿಸೆಸ್ಸಿನ ಇಪ್ಪತ್ತು ನಿಮಿಷ ಮತ್ತು ಆ ಒಂದು ಕಿಟಕಿ. ಬೆಲ್ ಹೊಡೆದ ಕೂಡಲೇ ಮುನ್ನೂರು ಮಕ್ಕಳು ಕಿಟಕಿಗೆ ಮುಗಿಬೀಳುತ್ತಾರೆ. ಪಾವ್ ಸೀಳಿ, ಚಟ್ನಿ ಹಚ್ಚಿ, ವಡೆ ಒತ್ತಿ ಮೊದಲೇ ಪೇರಿಸಿಟ್ಟಿದ್ದರೆ, ಕೈಯಿಂದ ಕೈಗೆ ಕೊಟ್ಟು ದುಡ್ಡು ತೆಗೆದುಕೊಳ್ಳಲು ಐದು ಸೆಕೆಂಡು ಸಾಕು. ಇಪ್ಪತ್ತು ನಿಮಿಷಕ್ಕೆ ಇನ್ನೂರ ನಲವತ್ತು ಮಕ್ಕಳು. ಅದೇ ಇಡ್ಲಿ ಸಾಂಬಾರನ್ನು ಪ್ಲೇಟಿಗೆ ಹಾಕಿ, ಸೌಟಿನಲ್ಲಿ ಸಾಂಬಾರು ಬಡಿಸಿ, ಚಟ್ನಿ ಹಾಕಿ, ಚಮಚ ಇಟ್ಟು ಕೊಡಲು ಇಪ್ಪತ್ತು ಸೆಕೆಂಡಾದರೂ ಬೇಕು. ಅಷ್ಟೇ ಹೊತ್ತಿನಲ್ಲಿ ಅರವತ್ತು ಮಕ್ಕಳು. ಉಳಿದವರು ಹಸಿದು ಕ್ಲಾಸಿಗೆ ಹೋಗುತ್ತಾರೆ. ಆಮೇಲೆ ಪ್ಲೇಟು ತೊಳೆಯಬೇಕು, ಅದಕ್ಕೊಬ್ಬ ಹುಡುಗ ಬೇಕು. ಮೇಲಾಗಿ, ಬೆಳಿಗ್ಗೆ ಆರಕ್ಕೆ ಕರಿದ ವಡೆಯನ್ನು ಹತ್ತಕ್ಕೂ ಮಾರಬಹುದು. ಕಾಯಿ ಚಟ್ನಿ ನಮ್ಮ ಏಪ್ರಿಲ್ ಸೆಕೆಯಲ್ಲಿ ಅಷ್ಟು ಹೊತ್ತು ತಾಳುವುದಿಲ್ಲ.

ಇನ್ನು ಚಿಪ್ಸು, ತಂಪು ಪಾನೀಯ. ಅದರಲ್ಲಿ ಲಾಭ ತೀರಾ ಸಣ್ಣದು, ಆದರೆ ಗ್ಯಾಸ್ ಬೇಡ, ಆಳು ಬೇಡ, ಉಳಿದರೆ ನಾಳೆಗೂ ನಡೆಯುತ್ತದೆ. ಶಾಲೆಗೆ ತಿಂಗಳು ತಿಂಗಳು ಬಾಡಿಗೆಯೋ ರಾಯಲ್ಟಿಯೋ ಕಟ್ಟುವವನಿಗೆ ಖಾತ್ರಿಯ ದುಡ್ಡು ಅದು. ದೀಪಾವಳಿ, ಮೇ ರಜೆ, ಪರೀಕ್ಷೆ ಎಂದು ವರ್ಷದಲ್ಲಿ ಎಷ್ಟೋ ದಿನ ವ್ಯಾಪಾರವೇ ಇರುವುದಿಲ್ಲ. ಆದ್ದರಿಂದ ‘ಪ್ಯಾಕೆಟ್ ತಿಂಡಿ ನಿಲ್ಲಿಸಿ’ ಎಂದು ಬರೆಯುವವರು ಅದರ ಬೆನ್ನಿಗೇ ‘ಆ ನಷ್ಟಕ್ಕೆ ತಕ್ಕಂತೆ ಕ್ಯಾಂಟೀನಿನ ಬಾಡಿಗೆಯಲ್ಲಿ ಸ್ವಲ್ಪ ಸಡಿಲಿಕೆ ಕೊಡುವುದನ್ನು ಆಡಳಿತ ಮಂಡಳಿ ಯೋಚಿಸಲಿ’ ಎಂದೂ ಬರೆಯಬೇಕು. ಈ ಸಾಲು ಇಲ್ಲದ ಪತ್ರದ ಭಾರವೆಲ್ಲ ಕ್ಯಾಂಟೀನಿನವನ ತಲೆಯ ಮೇಲೆ ಬೀಳುತ್ತದೆ. ಅವನು ಒಂದು ತಿಂಗಳು ಪಾಲಿಸಿ ಎರಡನೇ ತಿಂಗಳು ಚಿಪ್ಸಿನ ಮಾಲೆಯನ್ನು ಮತ್ತೆ ನೇತುಹಾಕುತ್ತಾನೆ.

ಹಾಗಾದರೆ ಏನು ಕೇಳುವುದು? ಕೈಯಲ್ಲಿ ಹಿಡಿದು ತಿನ್ನುವಂಥದ್ದು, ಐದಾರು ಸೆಕೆಂಡಿನಲ್ಲಿ ಕೊಡಬಹುದಾದದ್ದು, ವಡಾಪಾವಿನ ಬೆಲೆಯ ಆಸುಪಾಸಿನಲ್ಲೇ ಇರುವಂಥದ್ದು ಕೇಳು. ನನ್ನ ಕೇಳಿದರೆ ಮೊದಲ ಹೆಸರು ಪುಡಿ ಇಡ್ಲಿ. ಸಾಂಬಾರೂ ಬೇಡ, ಕಾಯಿ ಚಟ್ನಿಯೂ ಬೇಡ. ಒಂದು ಕಿಲೋ ಇಡ್ಲಿ ಅಕ್ಕಿಗೆ ಮುನ್ನೂರು ಗ್ರಾಂ ಉದ್ದಿನಬೇಳೆ ರುಬ್ಬಿ ರಾತ್ರಿ ಹುಳಿ ಬರಿಸಿದರೆ ಐವತ್ತರ ಆಸುಪಾಸು ಸಣ್ಣ ಇಡ್ಲಿ ಆಗುತ್ತವೆ. ಬೇಯಲು ಹನ್ನೆರಡು ನಿಮಿಷ. ಅಕ್ಕಿ ಬೇಳೆಯ ಖರ್ಚು ಸುಮಾರು ನೂರು ರೂಪಾಯಿ ಎಂದಿಟ್ಟುಕೊಂಡರೂ ಇಡ್ಲಿಗೆ ಬೀಳುವುದು ಎರಡೇ ರೂಪಾಯಿ. ಮೂರು ಇಡ್ಲಿಗೆ ಒಂದು ಚಮಚ ಎಳ್ಳೆಣ್ಣೆ, ಮೇಲೆ ಕಡಲೆ ಉದ್ದಿನ ಚಟ್ನಿ ಪುಡಿ ಉದುರಿಸಿ ಬಾಳೆ ಎಲೆಯ ತುಂಡಿನಲ್ಲೋ ಬಿಳಿ ಕಾಗದದ ದ್ರೋಣದಲ್ಲೋ ಕೊಟ್ಟರೆ ಪ್ಲೇಟಿನ ಗೊಡವೆಯಿಲ್ಲ. ಹಳೇ ಪೇಪರಿನಲ್ಲಿ ಮಾತ್ರ ಕಟ್ಟಬಾರದು. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮ ಅದನ್ನು ನಿಷೇಧಿಸಿದೆ. ಶಾಯಿ ಎಣ್ಣೆಯಲ್ಲಿ ಕರಗಿ ಮಗುವಿನ ಹೊಟ್ಟೆಗೆ ಹೋಗುತ್ತದೆ.

ಎರಡನೆಯದು ಚಪಾತಿ ಸುರುಳಿ. ಒಳಗೆ ಬಟಾಟೆ ಭಾಜಿಯ ಬದಲು ಒಣ ಮಟ್ಕಿ ಉಸಳ್. ಮಟ್ಕಿಯನ್ನು ಮೊಳಕೆ ಬರಿಸಿ, ಬೇಯಿಸಿ, ನೀರಿಂಗುವ ತನಕ ಹುರಿದು ತುಂಬಬೇಕು. ಮರಾಠಿ ಮಕ್ಕಳಿಗೆ ಅದು ಮನೆಯ ರುಚಿ, ನಮ್ಮ ಮಕ್ಕಳಿಗೂ ಈಗ ಹಾಗೇ. ಮೊಳಕೆ ಕಾಳನ್ನು ಹಸಿಯಾಗಿ ಕೊಡಿ ಎಂದು ಎಂದೂ ಬರೆಯಬೇಡ. ಬೆಚ್ಚಗಿನ ತೇವದಲ್ಲಿ ಮೊಳಕೆ ಬೆಳೆಯುವಂತೆಯೇ ಹೊಟ್ಟೆ ಕೆಡಿಸುವ ಕ್ರಿಮಿಯೂ ಬೆಳೆಯುತ್ತದೆ, ಮಳೆಗಾಲದಲ್ಲಂತೂ ಹೇಳುವುದೇ ಬೇಡ. ಹಣ್ಣಿನ ವಿಷಯದಲ್ಲೂ ಅಷ್ಟೇ. ನಿನ್ನ ಪತ್ರದಲ್ಲಿ ‘ಫ್ರೂಟ್ ಪ್ಲೇಟ್’ ಎಂದಿದೆ. ಜೂನ್ ಜುಲೈನಲ್ಲಿ ಎರಡು ತಾಸು ಮೊದಲೇ ಹೆಚ್ಚಿಟ್ಟ ಕಲ್ಲಂಗಡಿ, ಪಪ್ಪಾಯಿಗಿಂತ ಬಿಸಿ ಸಮೋಸವೇ ಮೇಲು. ಇಡೀ ಬಾಳೆಹಣ್ಣು ಕೇಳು. ಸಿಪ್ಪೆಯೇ ಅದರ ಪ್ಯಾಕಿಂಗು, ಕೊಡಲು ಎರಡು ಸೆಕೆಂಡು, ಬೆಲೆಯೂ ಮಗುವಿನ ಕೈಗೆ ಎಟುಕುವಂಥದ್ದು. ಚಳಿಯಲ್ಲಿ ಪೇರಳೆ, ಕಿತ್ತಳೆ. ಕುಡಿಯಲು ಮಜ್ಜಿಗೆ ಕೇಳುವುದಾದರೆ ಅದಕ್ಕೆ ಬೆರೆಸುವ ನೀರು ಎಲ್ಲಿಯದು ಎಂದು ಮೊದಲು ಕೇಳು.

ವಡಾಪಾವನ್ನು ಪೂರ್ತಿ ನಿಲ್ಲಿಸಿ ಎಂದು ಮೊದಲ ಪತ್ರದಲ್ಲೇ ಬರೆಯಬೇಡ. ಅದು ಈ ಊರಿನ ಅನ್ನ. ನಿಲ್ಲಿಸಿದ ದಿನವೇ ಮಕ್ಕಳು ಗೇಟಿನಾಚೆಯ ಗಾಡಿಗೆ ಹೋಗುತ್ತಾರೆ, ಅಲ್ಲಿನ ಎಣ್ಣೆ ಇನ್ನೂ ಹಳೆಯದು. ವಾರಕ್ಕೆ ಎರಡು ದಿನ ಮಾತ್ರ ಕರಿದದ್ದು, ಆ ಎರಡು ದಿನವೂ ಹೊಸ ಎಣ್ಣೆ ಎಂದು ಕೇಳು. ಎಣ್ಣೆಯ ವಿಷಯ ಪಾಲಕರು ಯಾರೂ ಬರೆಯುವುದಿಲ್ಲ, ಅದೇ ನನಗೆ ಬೇಸರ. ದಿನಾ ಕಡಾಯಿಗೆ ಮೇಲಿಂದ ಮೇಲೆ ಸುರಿದು ಅದೇ ಎಣ್ಣೆಯನ್ನು ಓಡಿಸುವುದು ಕ್ಯಾಂಟೀನಿನ ದೊಡ್ಡ ರೋಗ. ಕಾದು ಕಾದು ಕೆಟ್ಟ ಎಣ್ಣೆಯಲ್ಲಿ ಪೋಲಾರ್ ಸಂಯುಕ್ತಗಳು ಕೂಡುತ್ತವೆ. ಅವು ಶೇ. 25 ದಾಟಿದರೆ ಆ ಎಣ್ಣೆ ಬಳಸಬಾರದೆಂಬ ನಿಯಮ 2018ರ ಜುಲೈನಿಂದ ದೇಶಕ್ಕೆಲ್ಲ ಇದೆ. ಅಳೆಯುವ ಮೀಟರ್ ಶಾಲೆಯಲ್ಲಿ ಇಲ್ಲದಿದ್ದರೂ ಕಣ್ಣಿಗೆ ಗೊತ್ತಾಗುತ್ತದೆ. ವಡೆ ಬಿಟ್ಟಾಗ ಎದ್ದ ನೊರೆ ಇಳಿಯದೆ ಕಡಾಯಿ ತುಂಬ ನಿಲ್ಲುತ್ತದೆ, ಸಣ್ಣ ಉರಿಗೇ ಹೊಗೆ ಬರುತ್ತದೆ, ಬಣ್ಣ ಚಹಾದ ಡಿಕಾಕ್ಷನ್ನಿನಷ್ಟು ಕಪ್ಪಾಗಿರುತ್ತದೆ, ಕಡಾಯಿಯ ಅಂಚಿನಲ್ಲಿ ಬೆರಳಿಗೆ ಅಂಟುವ ಜಿಗುಟು ಕೂತಿರುತ್ತದೆ. ಎಣ್ಣೆ ಬದಲಿಸಿದ ತಾರೀಕನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ ಎಂಬುದು ಖರ್ಚಿಲ್ಲದ ಬೇಡಿಕೆ.

ಕಾಯಿದೆಯ ಮಾತು ಪತ್ರದಲ್ಲಿ ಒಂದೇ ಪ್ಯಾರಾ ಇರಲಿ, ಆದರೆ ಇರಲೇಬೇಕು. ಪ್ರಿನ್ಸಿಪಾಲರಿಗೆ ಅದು ಬೆದರಿಕೆಯಾಗಿ ಅಲ್ಲ, ಆಡಳಿತ ಮಂಡಳಿಯ ಮುಂದೆ ಹಿಡಿಯಲು ಒಂದು ಕಾಗದವಾಗಿ ಬೇಕು. ಶಾಲಾ ಮಕ್ಕಳ ಆಹಾರದ ಬಗ್ಗೆ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ನಿಯಮಾವಳಿ ಹೊರಡಿಸಿತು, ಅದು 2021ರ ಜುಲೈ 1ರಿಂದ ಜಾರಿಯಲ್ಲಿದೆ. ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ತಿನಿಸುಗಳನ್ನು ಶಾಲೆಯ ಆವರಣದಲ್ಲಾಗಲಿ, ಗೇಟಿನಿಂದ 50 ಮೀಟರ್ ಒಳಗಾಗಲಿ ಮಕ್ಕಳಿಗೆ ಮಾರುವಂತಿಲ್ಲ, ಅವುಗಳ ಜಾಹೀರಾತೂ ಇರಕೂಡದು. ಹಾಗೆಂದು ಗೇಟಿನ ಬಳಿ ಬೋರ್ಡು ಹಾಕಬೇಕು. ಕ್ಯಾಂಟೀನ್ ನಡೆಸುವವರ ಬಳಿ ಪ್ರಾಧಿಕಾರದ ಲೈಸೆನ್ಸೋ ನೋಂದಣಿಯೋ ಇದೆಯೇ ಎಂದು ನೋಡಿಕೊಳ್ಳುವುದು ಶಾಲೆಯ ಹೊಣೆ. ಕಂಪನಿಯವರು ಪುಕ್ಕಟೆ ಕೊಟ್ಟ, ಬಾಗಿಲ ತುಂಬ ತಂಪು ಪಾನೀಯದ ಚಿತ್ರವಿರುವ ಫ್ರಿಜ್ ನಿಮ್ಮ ಕ್ಯಾಂಟೀನಿನಲ್ಲಿದ್ದರೆ ಅದೂ ಜಾಹೀರಾತೇ. ಮಹಾರಾಷ್ಟ್ರ ಸರ್ಕಾರ ಇದಕ್ಕೂ ಮೊದಲೇ, 2017ರ ಮೇ ತಿಂಗಳಲ್ಲಿ, ಚಿಪ್ಸ್, ನೂಡಲ್ಸ್, ತಂಪು ಪಾನೀಯ, ಪಿಜ್ಜಾ, ಬರ್ಗರ್‌ಗಳನ್ನು ಶಾಲಾ ಕ್ಯಾಂಟೀನಿನಿಂದ ಹೊರಗಿಡಬೇಕೆಂದು ಆದೇಶ ಹೊರಡಿಸಿತ್ತು. ನವಿ ಮುಂಬಯಿಯಲ್ಲಿ ಸಿಬಿಎಸ್‌ಇ ಶಾಲೆಗಳು ಹೆಚ್ಚು. ಅಂಥ ಶಾಲೆಯಾದರೆ, ಸಕ್ಕರೆಯ ಪ್ರಮಾಣ ತೋರಿಸುವ ‘ಶುಗರ್ ಬೋರ್ಡ್’ ಹಾಕಿ ಎಂದು ಆ ಮಂಡಳಿಯೇ 2025ರ ಮೇನಲ್ಲಿ ಹೇಳಿದ್ದನ್ನು ನೆನಪಿಸಬಹುದು. ಗೇಟಿನಾಚೆಯ ಗಾಡಿಗಳ ಮಾತು ಈ ಪತ್ರಕ್ಕೆ ಬೇಡ. ಅದಕ್ಕೆ ಮಹಾನಗರಪಾಲಿಕೆ, ಆಹಾರ ಮತ್ತು ಔಷಧ ಇಲಾಖೆ ಎಂದು ಬೇರೆ ದಾರಿಯಿದೆ. ಅದು ಪ್ರಿನ್ಸಿಪಾಲರೊಬ್ಬರ ಕೈಯಲ್ಲಿಲ್ಲ.

ಪತ್ರಕ್ಕೆ ಕೂರುವ ಮುಂಚೆ ಒಂದು ವಾರ ಮಗನನ್ನು ಕೇಳಿ ಪಟ್ಟಿ ಮಾಡು: ಯಾವ ದಿನ ಏನಿತ್ತು, ಎಷ್ಟಕ್ಕೆ ಕೊಟ್ಟರು, ಹತ್ತು ಗಂಟೆಗೆ ಏನು ಖಾಲಿಯಾಗಿತ್ತು. ಖಾಲಿ ಪ್ಯಾಕೆಟ್ಟು, ಬಾಟಲಿಗಳನ್ನು ಮನೆಗೆ ತರಲು ಹೇಳು. ಹಿಂಬದಿಯಲ್ಲಿ 100 ಮಿಲಿಗೆ ಎಷ್ಟು ‘ಆಡೆಡ್ ಶುಗರ್’ ಎಂದು ಅಚ್ಚಾಗಿರುತ್ತದೆ, ಬಾಟಲಿಯ ಅಳತೆಗೆ ಗುಣಿಸು. 100 ಮಿಲಿಗೆ ಹತ್ತೂವರೆ ಗ್ರಾಂ ಇರುವ ಕೋಲಾದ 250 ಮಿಲಿ ಬಾಟಲಿಯಲ್ಲಿ 26 ಗ್ರಾಂ ಸಕ್ಕರೆಯಾಯಿತು, ಆರು ಚಮಚಕ್ಕೂ ಮಿಕ್ಕಿ. ಇಡೀ ದಿನಕ್ಕೆ ದೊಡ್ಡವರಿಗೇ 25 ಗ್ರಾಂ ಒಳಗಿದ್ದರೆ ಒಳ್ಳೆಯದೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಂಥ ಒಂದೇ ಒಂದು ಲೆಕ್ಕ ಪತ್ರದಲ್ಲಿದ್ದರೆ ಸಾಕು.

ಶಾಲೆಗೆ ಇಂಗ್ಲಿಷಿನಲ್ಲೋ ಮರಾಠಿಯಲ್ಲೋ ಬರೆಯುತ್ತೀ, ಅದು ನಿನಗೆ ಬಿಟ್ಟದ್ದು. ಒಳಗಿನ ಮಾತು ಹೀಗಿರಲಿ:

‘ಮಾನ್ಯರೇ, ನನ್ನ ಮಗ ನಿಮ್ಮ ಶಾಲೆಯ ಬೆಳಗಿನ ಪಾಳಿಯಲ್ಲಿ ಐದನೇ ತರಗತಿಯಲ್ಲಿ ಓದುತ್ತಿದ್ದಾನೆ. ಅವನಂತೆ ಹಲವು ಮಕ್ಕಳು ಬೆಳಗಿನ ನಾಷ್ಟಾವನ್ನು ರಿಸೆಸ್ಸಿನಲ್ಲಿ ಕ್ಯಾಂಟೀನಿನಲ್ಲೇ ಮಾಡುತ್ತಾರೆ. ಕಳೆದ ವಾರ ಅಲ್ಲಿ ಸಿಕ್ಕ ತಿನಿಸುಗಳ ಪಟ್ಟಿಯನ್ನು ಇದರೊಂದಿಗೆ ಇಟ್ಟಿದ್ದೇನೆ. ಐದು ದಿನವೂ ಕರಿದದ್ದು ಮತ್ತು ಪ್ಯಾಕೆಟ್ಟಿನದ್ದೇ ಇತ್ತು. ಮುಂದಿನ ಒಂದು ತಿಂಗಳು ಪ್ರಯೋಗವಾಗಿ ನಾಲ್ಕು ಬದಲಾವಣೆ ಮಾಡಬೇಕೆಂದು ಕೋರುತ್ತೇನೆ. ದಿನವೂ ಕರಿಯದ ಒಂದು ಬಿಸಿ ತಿಂಡಿ, ಪುಡಿ ಇಡ್ಲಿ ಅಥವಾ ಚಪಾತಿ ಉಸಳ್, ವಡಾಪಾವಿನ ಬೆಲೆಗೇ ಸಿಗಲಿ. ದಿನವೂ ಒಂದು ಇಡೀ ಹಣ್ಣು ಇರಲಿ. ತಂಪು ಪಾನೀಯ ಮತ್ತು ಚಿಪ್ಸ್ ಇರದಿರಲಿ. ಕರಿದದ್ದು ವಾರಕ್ಕೆ ಎರಡು ದಿನಕ್ಕೆ ಸೀಮಿತವಾಗಲಿ, ಎಣ್ಣೆ ಬದಲಿಸಿದ ದಿನಾಂಕ ದಾಖಲಾಗಲಿ. ನೂಕುನುಗ್ಗಲು ಆಗದಂತೆ ಹಿಂದಿನ ದಿನವೇ ಕೂಪನ್ ಕೊಡುವ ವ್ಯವಸ್ಥೆಗೆ ನಾವು ಪಾಲಕರು ಸಹಾಯ ಮಾಡುತ್ತೇವೆ. ಇದರಿಂದ ಕ್ಯಾಂಟೀನಿನವರಿಗೆ ಆದಾಯ ಕಡಿಮೆಯಾದರೆ ಬಾಡಿಗೆಯಲ್ಲಿ ರಿಯಾಯಿತಿ ನೀಡುವುದನ್ನು ಆಡಳಿತ ಮಂಡಳಿ ಪರಿಶೀಲಿಸಲಿ. ಪಾಲಕ-ಶಿಕ್ಷಕ ಸಂಘದ ಮುಂದಿನ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ ಎಂದು ವಿನಂತಿ.’

ಇದರ ಕೆಳಗೆ ಕಾಯಿದೆಯ ಪ್ಯಾರಾ ಹಾಕಿ ಮುಗಿಸು. ಒಂದು ಪುಟ ಮೀರಬಾರದು.

ಕೊನೆಯ ವಿನಂತಿಗೆ ಬಲವಿದೆ. ಮಹಾರಾಷ್ಟ್ರದ 2011ರ ಶುಲ್ಕ ನಿಯಂತ್ರಣ ಕಾಯಿದೆಯಲ್ಲೇ ಪ್ರತಿ ಖಾಸಗಿ ಶಾಲೆಯೂ ವರ್ಷ ಶುರುವಾಗಿ ಮೂವತ್ತು ದಿನದೊಳಗೆ ಪಾಲಕ-ಶಿಕ್ಷಕ ಸಂಘ ರಚಿಸಬೇಕೆಂದಿದೆ. ಮಗು ಶಾಲೆಯಲ್ಲಿದ್ದರೆ ನೀನೂ ಅದರ ಸದಸ್ಯೆ. ಅದರ ಕಾರ್ಯಕಾರಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು, ಅದಕ್ಕೆ ಪ್ರಿನ್ಸಿಪಾಲರೇ ಅಧ್ಯಕ್ಷರು. ನಿನ್ನ ಪತ್ರ ಸಭೆಯ ವಿಷಯಪಟ್ಟಿಗೆ ಬಂತೆಂದರೆ ನಡಾವಳಿಯಲ್ಲಿ ದಾಖಲಾಗುತ್ತದೆ. ಆಫೀಸಿನಲ್ಲಿ ಎರಡು ಪ್ರತಿ ಕೊಟ್ಟು, ಒಂದರ ಮೇಲೆ ಶಿಕ್ಕಾ, ಇನ್‌ವರ್ಡ್ ನಂಬರು ಹಾಕಿಸಿಕೊಂಡು ಬಾ. ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದು ಪತ್ರವಾಗುವುದಿಲ್ಲ. ಅಲ್ಲಿ ಎರಡು ದಿನ ಕೂಗಾಡಿ ಮೂರನೇ ದಿನ ಎಲ್ಲರೂ ಮರೆಯುತ್ತಾರೆ, ನಡುವೆ ಕ್ಯಾಂಟೀನಿನವನ ಹೆಸರು ಕೆಡುತ್ತದೆ.

ಸಮಯವನ್ನೂ ನೋಡು. ಕಾಂಟ್ರಾಕ್ಟ್ ಸಾಮಾನ್ಯವಾಗಿ ಜೂನಿನಿಂದ ಹೊಸದಾಗುತ್ತದೆ, ಮಾತುಕತೆ ಫೆಬ್ರವರಿ ಮಾರ್ಚಿನಲ್ಲೇ ನಡೆದಿರುತ್ತದೆ. ಚಿಪ್ಸ್, ಪಾನೀಯ, ಬಾಡಿಗೆಯ ವಿಷಯ ಕಾಂಟ್ರಾಕ್ಟಿನಲ್ಲಿ ಬರೆದಿರಬೇಕಾದರೆ ಜನವರಿಯಲ್ಲೇ ಪತ್ರ ಹೋಗಬೇಕು. ನಡುವರ್ಷದಲ್ಲಿ ಕೊಡುವುದಾದರೆ ಇಡ್ಲಿ, ಹಣ್ಣು, ಎಣ್ಣೆ ಈ ಮೂರನ್ನಷ್ಟೇ ಕೇಳು. ಅವುಗಳಿಗೆ ಯಾವ ಕಾಗದವನ್ನೂ ತಿದ್ದಬೇಕಿಲ್ಲ.

ಒಪ್ಪಿಗೆ ಸಿಕ್ಕ ಮೇಲೂ ಕೆಲವು ಕಡೆ ಕಾಲು ಜಾರುತ್ತದೆ. ಚಿಪ್ಸು ಹೋದ ಜಾಗಕ್ಕೆ ಖಾರಿ, ಕ್ರೀಮ್ ಬಿಸ್ಕತ್ತು, ‘ಮಲ್ಟಿಗ್ರೇನ್’ ಎಂದು ಬರೆದ ಇನ್ನೊಂದು ಚಿಪ್ಸು ಬಂದು ಕೂರುತ್ತದೆ. ಕೋಲಾ ಹೋದಲ್ಲಿ ಮಾವಿನ ಚಿತ್ರದ ಪ್ಯಾಕೆಟ್ ಜ್ಯೂಸು. ಹೆಸರು ನೋಡಬೇಡ, ಹಿಂಬದಿಯ ಸಕ್ಕರೆ, ಸೋಡಿಯಂ ನೋಡು. ಮೊದಲ ಹದಿನೈದು ದಿನ ಇಡ್ಲಿ ಉಳಿಯುವುದು ಸಹಜ. ಹೊಸ ತಿಂಡಿ ಬಂದಾಗಲೆಲ್ಲ ಹಾಗೆಯೇ, ಮಕ್ಕಳು ಒಬ್ಬರ ಕೈ ಒಬ್ಬರು ನೋಡಿ ಕೊಳ್ಳುತ್ತಾರೆ. ಅದಕ್ಕೇ ಕೂಪನ್ ಬೇಕು. ನಾಳೆಗೆ ಎಷ್ಟು ಇಡ್ಲಿ ಎಂದು ಇವತ್ತೇ ಗೊತ್ತಾದರೆ ಹಿಟ್ಟು ಹಾಳಾಗುವುದಿಲ್ಲ, ಕ್ಯಾಂಟೀನಿನವನು ಕೈಸೋಲುವುದಿಲ್ಲ. ಬೆಲೆ ಏರಿತೋ ಎಂದು ನೋಡುತ್ತಿರು. ಎರಡು ರೂಪಾಯಿ ಹೆಚ್ಚಾದರೂ ಹುಡುಗರು ಗೇಟು ದಾಟುತ್ತಾರೆ. ಬಿಸಿ ತಿಂಡಿ ನಿಜಕ್ಕೂ ಬಿಸಿಯಾಗಿದೆಯೇ ಎಂಬುದೂ ಮುಖ್ಯ. ಅರವತ್ತು ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದ ಅನ್ನ, ಉಸಳ್ ತಾಸುಗಟ್ಟಲೆ ಕೂತರೆ ಕೆಡುತ್ತದೆ. ಕೈಗೆ ಹಬೆ ತಾಗದಿದ್ದರೆ ಅನುಮಾನಿಸು.

ಒಂದು ತಿಂಗಳಾದರೂ ಉತ್ತರ ಬಾರದಿದ್ದರೆ ಎರಡನೆಯ ಪತ್ರಕ್ಕೆ ನಿನ್ನ ಸಹಿಯೊಂದೇ ಸಾಲದು, ಬೇರೆ ಬೇರೆ ತರಗತಿಯ ಪಾಲಕರ ಸಹಿಯಿರಲಿ. ಕ್ಯಾಂಟೀನಿಗೆ ಲೈಸೆನ್ಸೇ ಇಲ್ಲ, ಹಳಸಿದ್ದನ್ನು ಮಾರುತ್ತಾರೆ ಎಂದಾದರೆ ಮಾತ್ರ ಠಾಣೆಯ ಆಹಾರ ಮತ್ತು ಔಷಧ ಇಲಾಖೆಗೆ ಹೋಗು. ಮೆನು ಬದಲಿಸಲು ಆ ಇಲಾಖೆಯ ಬಾಗಿಲು ಬಡಿಯಬೇಡ. ಪ್ರಿನ್ಸಿಪಾಲರು ಬೆನ್ನು ತಿರುಗಿಸಿಬಿಡುತ್ತಾರೆ.

ಇನ್ನೊಂದು ಮಾತು, ನನ್ನ ಪ್ರಕಾರ ಇದೇ ಮೊದಲು ಆಗಬೇಕಾದ್ದು. ಪತ್ರ ಕೊಡುವ ಹಿಂದಿನ ದಿನ, ಶಾಲೆ ಬಿಟ್ಟ ಮೇಲೆ, ಕ್ಯಾಂಟೀನಿನವರ ಹತ್ತಿರ ಹೋಗು. ಈ ಊರುಗಳಲ್ಲಿ ಕ್ಯಾಂಟೀನ್ ನಡೆಸುವವರಲ್ಲಿ ಉಡುಪಿ, ಕುಂದಾಪುರ, ಕಾರ್ಕಳದ ಕಡೆಯವರು ಬಹಳ ಮಂದಿ. ಹಗಲು ಹೋಟೆಲಿನಲ್ಲಿ ದುಡಿದು ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿದ ತಲೆಮಾರಿನವರು, ಇಲ್ಲವೇ ಅವರ ಮಕ್ಕಳು. ಮಕ್ಕಳ ಓದು ಏನೆಂದು ಅವರಿಗೆ ಹೇಳಿಕೊಡಬೇಕಿಲ್ಲ. ‘ಅಣ್ಣಾ, ದಿನಕ್ಕೆ ನೂರು ಮಕ್ಕಳಿಗೆ ಪುಡಿ ಇಡ್ಲಿ ಕೊಡಲು ನಿಮಗೆ ಏನು ಬೇಕು?’ ಎಂದು ಕೇಳು. ಇನ್ನೊಂದು ಇಡ್ಲಿ ಪಾತ್ರೆ ಬೇಕು ಎನ್ನಬಹುದು, ಎರಡನೇ ಕಿಟಕಿ ತೆರೆಸಿಕೊಡಿ ಎನ್ನಬಹುದು, ಬಾಡಿಗೆ ಜಾಸ್ತಿಯಾಯಿತು ಎನ್ನಬಹುದು. ಅವರು ಏನು ಹೇಳುತ್ತಾರೋ ಅದನ್ನು ಪತ್ರಕ್ಕೆ ಸೇರಿಸಿ, ಬೆಳಿಗ್ಗೆ ಆಫೀಸು ತೆರೆಯುವ ಹೊತ್ತಿಗೆ ಕೊಟ್ಟು ಬಾ.